ಅದು ಯಾವುದು, ಅವರು ಯಾರು? ಪಾಲುಪತ್ರದ ಒಂದು ವಾಕ್ಯವನ್ನು ಬಿಡಿಸಿ ನೋಡೋಣ

ಮೊದಲು ಈ ವಾಕ್ಯ ಓದಿ. ಅಣ್ಣ ತಮ್ಮ ಆಸ್ತಿ ಹಂಚಿಕೊಳ್ಳುವಾಗ ಬರೆಸುವ ಪಾಲುಪತ್ರದ ಮಾದರಿಯಲ್ಲಿ ನಾನೇ ಕಟ್ಟಿದ್ದು. ಹೆಸರುಗಳೂ ಕಲ್ಪನೆಯವು. ಆದರೆ ಇಂಥ ಪತ್ರ ಓದಿದವರಿಗೆ ಇದರ ಧಾಟಿ ಹೊಸದೇನಲ್ಲ.

"ಒಂದನೇ ಪಾರ್ಟಿಯಾದ ರಾಮೇಗೌಡರು ತಮ್ಮ ಸಹೋದರರಾದ ಎರಡನೇ ಪಾರ್ಟಿ ಶಿವಣ್ಣನವರಿಗೆ ಎ ಷೆಡ್ಯೂಲಿನ ಜಮೀನನ್ನೂ ಅದರಲ್ಲಿರುವ ಬಾವಿಯನ್ನೂ ಬಿಟ್ಟುಕೊಟ್ಟು, ಬಿ ಷೆಡ್ಯೂಲಿನ ಮನೆಯನ್ನು ತಾವೇ ಇಟ್ಟುಕೊಂಡಿದ್ದು, ಸದರಿ ಸ್ವತ್ತಿನ ಮೇಲೆ ಸಹಕಾರ ಸಂಘದಿಂದ ಪಡೆದಿರುವ ಸಾಲವನ್ನು ಅವರೇ ತೀರಿಸತಕ್ಕದ್ದು, ಅದರ ನೀರನ್ನು ಇಬ್ಬರೂ ಸಮನಾಗಿ ಬಳಸತಕ್ಕದ್ದು, ಇದಕ್ಕೆ ಅವರ ವಾರಸುದಾರರೂ ಬದ್ಧರಾಗಿರತಕ್ಕದ್ದು."

ಒಂದೇ ವಾಕ್ಯ. ಅದರೊಳಗೆ ತಮ್ಮ, ಅದರಲ್ಲಿ, ತಾವೇ, ಸದರಿ, ಅವರೇ, ಅದರ, ಇದಕ್ಕೆ, ಅವರ ಅಂತ ಎಂಟು ಕಡೆ ಹೆಸರಿನ ಬದಲು ಬೇರೆ ಪದ ಕೂತಿದೆ. ಸರಸರ ಓದಿದರೆ ಎಲ್ಲವೂ ಅರ್ಥವಾದ ಹಾಗೇ ಅನ್ನಿಸುತ್ತದೆ. ಈಗ ಒಂದು ಪ್ರಶ್ನೆ: ಸಾಲ ತೀರಿಸಬೇಕಾದವರು ಯಾರು? ಇಲ್ಲಿ ಬಹಳ ಜನ ತಡೆದು ನಿಲ್ಲುತ್ತಾರೆ. ಇನ್ನು ಕೆಲವರು ತಡೆಯದೆ ಉತ್ತರ ಕೊಡುತ್ತಾರೆ, ಆದರೆ ಇಬ್ಬರ ಉತ್ತರ ಒಂದೇ ಆಗಿರುವುದಿಲ್ಲ.

ಉದ್ದ ವಾಕ್ಯದಲ್ಲಿ 'ಅದು', 'ಇದು', 'ಅವರು' ಎದುರಾದಾಗ ನಾವು ಸಾಮಾನ್ಯವಾಗಿ ಮಾಡುವುದು ಒಂದೇ: ಸ್ವಲ್ಪ ಹಿಂದೆ ನೋಡಿ, ಹತ್ತಿರ ಇರುವ ಹೆಸರನ್ನು ಹಿಡಿದುಕೊಳ್ಳುವುದು. ಎಷ್ಟೋ ಸಲ ಅದು ಸರಿಯೂ ಆಗುತ್ತದೆ. ಆದರೆ 'ಹತ್ತಿರದ ಹೆಸರು' ಅನ್ನುವುದು ಕನ್ನಡದ ನಿಯಮವೇನಲ್ಲ, ಬರೀ ಅಂದಾಜು. ಕನ್ನಡ ಇದಕ್ಕಿಂತ ಗಟ್ಟಿಯಾದ ಸುಳಿವುಗಳನ್ನು ಕೊಡುತ್ತದೆ. ಅವುಗಳಲ್ಲಿ ಕೆಲವು ಇಂಥ ಪತ್ರಗಳಲ್ಲೇ ಕೈಕೊಡುತ್ತವೆ ಅನ್ನುವುದು ಬೇರೆ ಮಾತು. ಮೇಲಿನ ವಾಕ್ಯವನ್ನೇ ಒಂದೊಂದಾಗಿ ಬಿಡಿಸುತ್ತಾ ಹೋಗೋಣ.

ಮೊದಲನೆಯದು 'ತಮ್ಮ ಸಹೋದರರಾದ'. ಇದು ಸುಲಭ. 'ತಾನು, ತನ್ನ, ತಾವು, ತಮ್ಮ' ಇವು ಕನ್ನಡದ ಅತ್ಯಂತ ನಂಬಿಕಸ್ಥ ಸುಳಿವುಗಳು. ವ್ಯಾಕರಣದಲ್ಲಿ ಇವಕ್ಕೆ ಆತ್ಮಾರ್ಥಕ ಸರ್ವನಾಮ ಅನ್ನುತ್ತಾರೆ. ಕೆಲಸ ಮಾಡುವವರು ಯಾರೋ ಅವರನ್ನೇ ಇವು ತೋರಿಸುತ್ತವೆ. "ಸುರೇಶ ರವಿಗೆ ತನ್ನ ಸೈಕಲ್ ಕೊಟ್ಟ" ಅಂದರೆ ಸೈಕಲ್ ಸುರೇಶನದು. "ಸುರೇಶ ರವಿಗೆ ಅವನ ಸೈಕಲ್ ಕೊಟ್ಟ" ಅಂದರೆ ಸೈಕಲ್ ರವಿಯದು, ಇಲ್ಲಾ ಮೂರನೆಯವನದು. ಮೊದಲನೆಯದರಲ್ಲಿ 'ರವಿ' ಅನ್ನುವ ಹೆಸರು 'ತನ್ನ' ಪಕ್ಕದಲ್ಲೇ ಇದೆ, ಆದರೂ ಅದು ರವಿಯ ಕಡೆ ತಿರುಗುವುದಿಲ್ಲ. ಹತ್ತಿರದ ಹೆಸರಿನ ಲೆಕ್ಕಾಚಾರ ಇಲ್ಲೇ ಬಿದ್ದುಹೋಗುತ್ತದೆ.

ನಮ್ಮ ಪತ್ರದಲ್ಲಿ ಬಿಟ್ಟುಕೊಡುತ್ತಿರುವವರು ರಾಮೇಗೌಡರು. ಹಾಗಾಗಿ 'ತಮ್ಮ' ಅಂದರೆ ರಾಮೇಗೌಡರ. ಇದೇ ಲೆಕ್ಕದಲ್ಲಿ ಮೂರನೆಯದಾದ 'ತಾವೇ ಇಟ್ಟುಕೊಂಡಿದ್ದು' ಕೂಡ ಬಗೆಹರಿಯುತ್ತದೆ. 'ಬಿಟ್ಟುಕೊಟ್ಟು' ಅನ್ನುವ ಅರೆಬರೆ ಕ್ರಿಯಾಪದ ಇದೆಯಲ್ಲ, ಅಂಥವು ಸಾಲಾಗಿ ಬಂದಾಗ ಸಾಮಾನ್ಯವಾಗಿ ಎಲ್ಲ ಕೆಲಸವನ್ನೂ ಮಾಡುವವರು ಒಬ್ಬರೇ. ಬಂದು, ಕೂತು, ಊಟ ಮಾಡಿ, ಹೋದ: ನಾಲ್ಕೂ ಒಬ್ಬನೇ ಮಾಡಿದ್ದು. ಬಿಟ್ಟುಕೊಟ್ಟವರೇ ಇಟ್ಟುಕೊಂಡವರು. ಮನೆ ರಾಮೇಗೌಡರದು.

'ತನ್ನ' ಕೂಡ ಒಂದು ಕಡೆ ಎಡವುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ವಾಕ್ಯದೊಳಗೆ ಇನ್ನೊಂದು ವಾಕ್ಯ ಕೂತಾಗ ಕೆಲಸ ಮಾಡುವವರು ಇಬ್ಬರಾಗುತ್ತಾರೆ. "ರವಿ ತನ್ನ ಮನೆಗೆ ಬಂದಿದ್ದ ಎಂದು ಸುರೇಶ ಹೇಳಿದ." ಯಾರ ಮನೆ? ಬಂದವನು ರವಿ, ಹೇಳಿದವನು ಸುರೇಶ. 'ತನ್ನ' ಇಬ್ಬರಿಗೂ ಹೊಂದುತ್ತದೆ. ಪದಗಳ ಜಾಗ ಬದಲಿಸಿ "ತನ್ನ ಮನೆಗೆ ರವಿ ಬಂದಿದ್ದ ಎಂದು ಸುರೇಶ ಹೇಳಿದ" ಅಂದರೆ ಸುರೇಶನ ಮನೆ ಅನ್ನುವ ಕಡೆ ಮನಸ್ಸು ವಾಲುತ್ತದೆ, ಆದರೂ ನೂರಕ್ಕೆ ನೂರು ಅಲ್ಲ. ಕೋರ್ಟು, ಪೊಲೀಸ್ ಹೇಳಿಕೆಗಳಲ್ಲಿ 'ಎಂದು' ಎರಡು ಮೂರು ಸಲ ಬರುವ ವಾಕ್ಯಗಳು ಇರುತ್ತವೆ. ಅಲ್ಲಿ 'ತನ್ನ' ಕಂಡ ಕೂಡಲೇ ಎಷ್ಟು ಜನ ಕೆಲಸ ಮಾಡುವವರಿದ್ದಾರೆ ಎಂದು ಎಣಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು 'ಅದರಲ್ಲಿರುವ ಬಾವಿ'. ಅದಕ್ಕಿಂತ ಮುಂಚೆ ಬಂದಿರುವ ವಸ್ತುಗಳಲ್ಲಿ ಬಾವಿ ಇರಬಹುದಾದದ್ದು ಜಮೀನು ಒಂದೇ. 'ಅದು' ಮನುಷ್ಯರಿಗೆ ಹೊಂದುವುದಿಲ್ಲ, ಹಾಗಾಗಿ ಅಣ್ಣ ತಮ್ಮ ಇಬ್ಬರೂ ತಾವಾಗಿಯೇ ಹೊರಗೆ ಹೋದರು. ಕನ್ನಡಕ್ಕೆ ಇದೊಂದು ಅನುಕೂಲ. ಅವನು, ಅವಳು, ಅವರು, ಅದು, ಅವು ಅಂತ ಐದು ಬಾಗಿಲು ಇರುವುದರಿಂದ ಬಹಳ ಹೆಸರುಗಳು ಮೊದಲ ಸುತ್ತಿನಲ್ಲೇ ಕಳಚಿಬೀಳುತ್ತವೆ. 'ಅವು' ಕಂಡರೆ ಒಂದಕ್ಕಿಂತ ಜಾಸ್ತಿ ವಸ್ತುಗಳನ್ನು ಹುಡುಕಬೇಕು. ಆದರೆ ಮಾತಿನ ಕನ್ನಡದಲ್ಲಿ 'ಅವು' ಸವೆದು ಹೋಗಿದೆ. "ಮರಗಳೆಲ್ಲ ಬಿತ್ತು", "ಆ ಪಾತ್ರೆಗಳನ್ನು ತೊಳೆದು ಅದನ್ನ ಒಳಗಿಡು" ಅಂತ ದಿನಾ ಹೇಳುತ್ತೇವೆ. ಹಾಗಾಗಿ ಅಚ್ಚಾದ, ತಿದ್ದಿದ ಬರಹದಲ್ಲಿ 'ಅವು' ಇದ್ದರೆ ನಂಬಬಹುದು. ಅವಸರದಲ್ಲಿ ಬರೆದ ಬರಹದಲ್ಲಿ 'ಅದು' ಇದ್ದ ಮಾತ್ರಕ್ಕೆ ಒಂದೇ ವಸ್ತು ಅಂತ ತೀರ್ಮಾನಿಸುವ ಹಾಗಿಲ್ಲ.

'ಅವರು' ಇನ್ನೂ ಕಷ್ಟದ್ದು. ಗೌರವಕ್ಕೆ ಒಬ್ಬರನ್ನೂ 'ಅವರು' ಅನ್ನುತ್ತೇವೆ, ನೂರು ಜನರನ್ನೂ 'ಅವರು' ಅನ್ನುತ್ತೇವೆ. ಗಂಡು, ಹೆಣ್ಣು ಅನ್ನುವ ಸುಳಿವೂ ಅಲ್ಲಿ ಅಳಿಸಿಹೋಗುತ್ತದೆ. ಮರ್ಯಾದೆಗೆ ನಾವು ಕೊಡುವ ಬೆಲೆ ಇದು. ಪಾಲುಪತ್ರದಲ್ಲಿ ಯಾರನ್ನೂ 'ಅವನು' ಎಂದು ಬರೆಯುವುದಿಲ್ಲವಲ್ಲ.

ಈಗ ಮುಖ್ಯ ಗಂಟಿಗೆ ಬರೋಣ: "ಸದರಿ ಸ್ವತ್ತಿನ ಮೇಲೆ ಪಡೆದಿರುವ ಸಾಲವನ್ನು ಅವರೇ ತೀರಿಸತಕ್ಕದ್ದು."

ಕನ್ನಡದಲ್ಲಿ ಇಂಥ ಕಡೆ ಸಾಮಾನ್ಯವಾಗಿ ನಮ್ಮನ್ನು ಕಾಪಾಡುವುದು ವಾಕ್ಯದ ಕೊನೆ. ಕ್ರಿಯಾಪದದ ಬಾಲದಲ್ಲಿ ಯಾರು ಮಾಡಿದ್ದು ಅನ್ನುವ ಗುರುತು ಇರುತ್ತದೆ. ಈ ವಾಕ್ಯ ನೋಡಿ: "ಗಂಗಮ್ಮ ಮಗನ ಜೊತೆ ಸಂತೆಗೆ ಹೋಗಿ ಹಸು ಮಾರಿ ಮನೆಗೆ ಬಂದ ಮೇಲೆ ದುಡ್ಡು ಎಣಿಸಿ ಪೆಟ್ಟಿಗೆಯಲ್ಲಿ ಇಟ್ಟಳು." ಕೊನೆಯ 'ಇಟ್ಟಳು' ಒಂದೇ ಸಾಕು, ದುಡ್ಡು ಎಣಿಸಿದ್ದು ಗಂಗಮ್ಮ. ಅದನ್ನೇ 'ಇಟ್ಟ' ಎಂದು ಬದಲಾಯಿಸಿದರೆ ಮಗ. 'ಇಟ್ಟರು' ಅಂದರೆ ಇಬ್ಬರೂ. ವಾಕ್ಯದಲ್ಲಿ 'ಅವಳು', 'ಅವನು' ಅನ್ನುವ ಪದವೇ ಇಲ್ಲ, ಆದರೂ ಲೆಕ್ಕ ಸಿಗುತ್ತದೆ. ಅದಕ್ಕೇ ಉದ್ದ ವಾಕ್ಯ ಕಂಡರೆ ನಾನು ಮೊದಲು ಕೊನೆಗೆ ಹೋಗಿ ಕ್ರಿಯಾಪದ ನೋಡುತ್ತೇನೆ, ಆಮೇಲೆ ಹಿಂದಕ್ಕೆ ಬರುತ್ತೇನೆ.

ಆದರೆ ನಮ್ಮ ಪತ್ರದ ಈ ತುಣುಕಿನ ಕೊನೆಯಲ್ಲಿರುವುದು 'ತೀರಿಸತಕ್ಕದ್ದು'. ಅವನು ತೀರಿಸತಕ್ಕದ್ದು, ಅವಳು ತೀರಿಸತಕ್ಕದ್ದು, ನಾವು ತೀರಿಸತಕ್ಕದ್ದು: ಬಾಲ ಬದಲಾಗುವುದೇ ಇಲ್ಲ! 'ತಕ್ಕದ್ದು' ಮಾತ್ರ ಹೀಗೆ ಅಂದುಕೊಳ್ಳಬೇಡಿ. 'ಬೇಕು' ನೋಡಿ: ಅವನು ಕಟ್ಟಬೇಕು, ಅವಳು ಕಟ್ಟಬೇಕು, ಅವರು ಕಟ್ಟಬೇಕು. 'ಬಹುದು', 'ಬಾರದು', 'ಕೂಡದು' ಎಲ್ಲವೂ ಹಾಗೇ. 'ಕಟ್ಟಲಿಲ್ಲ', 'ಕೊಡುವುದಿಲ್ಲ' ಕೂಡ ಹಾಗೇ. ಅಂದರೆ ಏನು ಮಾಡಬೇಕು, ಏನು ಮಾಡಬಹುದು, ಏನು ಮಾಡಬಾರದು, ಏನು ಮಾಡಲಿಲ್ಲ ಅನ್ನುವಾಗ ಸಾಮಾನ್ಯವಾಗಿ ಕನ್ನಡದ ಕ್ರಿಯಾಪದ ಯಾರು ಅನ್ನುವುದನ್ನು ಹೇಳುವುದಿಲ್ಲ. ಪಾಲುಪತ್ರ, ಬಾಡಿಗೆ ಕರಾರು, ಸರ್ಕಾರಿ ಆದೇಶ, ಸಂಘದ ಬೈಲಾ ಇವುಗಳಲ್ಲಿ ತುಂಬಿರುವುದು ಇವೇ ತಾನೇ? ಕಥೆ ಓದುವಾಗ ಗೊಂದಲವಾಗದ ಅದೇ ಓದುಗ ಕರಾರು ಓದುವಾಗ ತಡವರಿಸುವುದಕ್ಕೆ ಒಂದು ದೊಡ್ಡ ಕಾರಣ ಇದು. ವಿಷಯ ಕಷ್ಟದ್ದು ಅಂತಲ್ಲ, ಭಾಷೆ ದಿನಾ ಕೊಡುವ ಸುಳಿವು ಅಲ್ಲಿ ಇಲ್ಲ.

ಕಾಯ್ದೆಗಳಲ್ಲಿ ಇನ್ನೂ ಒಂದು ಸುಳಿವು ಹೋಗುತ್ತದೆ. 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 13ನೇ ಸೆಕ್ಷನ್ ಪ್ರಕಾರ, ಸಂದರ್ಭಕ್ಕೆ ವಿರುದ್ಧವಾಗದಿದ್ದರೆ, ಕೇಂದ್ರದ ಕಾಯ್ದೆಗಳಲ್ಲಿ ಗಂಡಸನ್ನು ಸೂಚಿಸುವ ಪದ ಹೆಂಗಸನ್ನೂ ಒಳಗೊಳ್ಳುತ್ತದೆ, ಏಕವಚನ ಬಹುವಚನವನ್ನೂ ಒಳಗೊಳ್ಳುತ್ತದೆ. ಹಾಗಾಗಿ ಅಲ್ಲಿ 'ಅವನು' ಅಂತ ಇದ್ದ ಮಾತ್ರಕ್ಕೆ ಒಬ್ಬ ಗಂಡಸನ್ನು ಹುಡುಕಿಕೊಂಡು ಹೋಗುವ ಹಾಗಿಲ್ಲ.

ಸರಿ, ಕ್ರಿಯಾಪದ ಕೈಬಿಟ್ಟಿತು. 'ಅವರೇ' ಯಾರು ಅಂತ ಹುಡುಕಲು ನಮ್ಮ ಹತ್ತಿರ ಉಳಿದಿರುವುದು ಎರಡು ದಾರಿ.

ಒಂದು, ಬರೆದವರ ಪದದ ಆಯ್ಕೆ. ಸ್ವಲ್ಪ ಮುಂಚೆ ರಾಮೇಗೌಡರ ಬಗ್ಗೆ ಹೇಳುವಾಗ 'ತಾವೇ' ಅಂತ ಬರೆದಿದ್ದಾರೆ. ಸಾಲ ತೀರಿಸುವವರೂ ರಾಮೇಗೌಡರೇ ಆಗಿದ್ದರೆ 'ತಾವೇ ತೀರಿಸತಕ್ಕದ್ದು' ಅಂತಲೇ ಮುಂದುವರಿಸಬಹುದಿತ್ತು. ಇದ್ದಕ್ಕಿದ್ದ ಹಾಗೆ 'ಅವರೇ'ಗೆ ಬದಲಾಯಿಸಿದ್ದಾರೆ ಅಂದರೆ ಬೇರೆಯವರ ಮಾತು ಬಂತು ಅಂತ. ಈ ದಾರಿ ಶಿವಣ್ಣನವರ ಕಡೆ ಹೋಗುತ್ತದೆ.

ಇನ್ನೊಂದು, 'ಸದರಿ ಸ್ವತ್ತು'. ಸದರಿ ಅಂದರೆ ಮೇಲೆ ಹೇಳಿದ. ಸರಿ, ಆದರೆ ಮೇಲೆ ಎರಡು ಸ್ವತ್ತು ಹೇಳಿದ್ದೀರಲ್ಲ, ಯಾವುದು? ಕೊನೆಗೆ ಬಂದದ್ದು ಮನೆ. ಸಾಲ ಮನೆಯ ಮೇಲಿನದಾದರೆ, ಮನೆ ಪಡೆದವರು ಸಾಲ ತೀರಿಸುವುದು ನ್ಯಾಯ. ಈ ದಾರಿ ರಾಮೇಗೌಡರ ಕಡೆ ಹೋಗುತ್ತದೆ. ಸದರಿ ಅಂದರೆ ಜಮೀನು ಅಂತ ಇಟ್ಟುಕೊಂಡರೆ ಮತ್ತೆ ಶಿವಣ್ಣನವರು. 'ಸ್ವತ್ತು' ಏಕವಚನ ಅಂತ ಹಿಡಿದುಕೊಳ್ಳಲೂ ಆಗದು, ಎರಡನ್ನೂ ಸೇರಿಸಿ 'ಸ್ವತ್ತು' ಅನ್ನುವುದೂ ರೂಢಿಯಲ್ಲಿದೆ. ಹಾಗಾದರೆ 'ಅವರೇ' ಅಂದರೆ ಇಬ್ಬರೂ ಆಗಬಹುದು!

ಇನ್ನೊಂದು ತಮಾಷೆ ಗಮನಿಸಿದಿರಾ? 'ಪಡೆದಿರುವ ಸಾಲ' ಅಂತಿದೆ. ಪಡೆದವರು ಯಾರು? 'ಪಡೆದಿರುವ', 'ಕೊಟ್ಟ', 'ಮಾಡಿದ' ಹೀಗೆ ಹೆಸರಿನ ಮುಂದೆ ಕೂರುವ ರೂಪಗಳಲ್ಲೂ ಯಾರು ಅನ್ನುವ ಗುರುತು ಇರುವುದಿಲ್ಲ. ಸಾಲ ಪಡೆದವರು ರಾಮೇಗೌಡರೋ, ಶಿವಣ್ಣನವರೋ, ತೀರಿಹೋದ ಅವರ ತಂದೆಯೋ ಗೊತ್ತಿಲ್ಲ. ಸರ್ವನಾಮಗಳ ಪಟ್ಟಿ ಮಾಡುವಾಗ ನಾವು ಕಣ್ಣಿಗೆ ಕಾಣುವವನ್ನು ಮಾತ್ರ ಎಣಿಸುತ್ತೇವೆ. ಕಾಣದವೂ ಇವೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟುಬಿಡುವುದು ತೀರಾ ಸಹಜ, ಹಾಗಾಗಿ ಕ್ರಿಯಾಪದ ಬಂದ ಕಡೆಯಲ್ಲೆಲ್ಲ 'ಯಾರು?' ಎಂದು ಕೇಳಿಕೊಳ್ಳದಿದ್ದರೆ ಅರ್ಧ ಸಮಸ್ಯೆ ಕಣ್ಣಿಗೇ ಬೀಳುವುದಿಲ್ಲ.

ಇದನ್ನು ಇಲ್ಲೇ ಬಿಟ್ಟು ಮುಂದಿನದಕ್ಕೆ ಹೋಗೋಣ, ಯಾಕೆಂದರೆ ಅದು ಸಲೀಸು. "ಅದರ ನೀರನ್ನು ಇಬ್ಬರೂ ಸಮನಾಗಿ ಬಳಸತಕ್ಕದ್ದು." 'ಅದರ' ಪದಕ್ಕೆ ಹತ್ತಿರ ಇರುವ ಹೆಸರು ಸಾಲ. ಅದಕ್ಕಿಂತ ಹಿಂದೆ ಸಂಘ, ಸ್ವತ್ತು, ಮನೆ, ಬಾವಿ, ಜಮೀನು. ಆದರೂ 'ಸಾಲದ ನೀರು' ಅಂತ ಯಾರೂ ಓದುವುದಿಲ್ಲ. ನೀರು ಅನ್ನುವ ಪದ ಬಂದ ಕೂಡಲೇ ಮನಸ್ಸು ಅಷ್ಟೂ ಹೆಸರುಗಳನ್ನು ಹಾರಿ ಬಾವಿಯ ಹತ್ತಿರ ಹೋಗಿ ನಿಲ್ಲುತ್ತದೆ. ಇಲ್ಲಿ ಕೆಲಸ ಮಾಡಿದ್ದು ವ್ಯಾಕರಣ ಅಲ್ಲ, ಲೋಕಜ್ಞಾನ.

ಈ ಮಾತಿಗೆ ಭಾಷಾವಿಜ್ಞಾನದಲ್ಲಿ ಒಂದು ಹೆಸರಾದ ಉದಾಹರಣೆ ಇದೆ. ಕಂಪ್ಯೂಟರಿಗೆ ಭಾಷೆ ಅರ್ಥ ಮಾಡಿಸುವ ಕೆಲಸ ಮಾಡುತ್ತಿದ್ದ ಅಮೆರಿಕದ ಟೆರ್ರಿ ವಿನೊಗ್ರಾಡ್ 1972ರಲ್ಲಿ ಕೊಟ್ಟದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನಗರಸಭೆ ಸದಸ್ಯರು ಪ್ರತಿಭಟನೆ ಮಾಡುವವರಿಗೆ ಅನುಮತಿ ಕೊಡಲಿಲ್ಲ, ಯಾಕೆಂದರೆ ಅವರು ಗಲಾಟೆಗೆ ಹೆದರಿದ್ದರು." ಅವರು ಅಂದರೆ ಸದಸ್ಯರು. ಈಗ ಕೊನೆಯ ಪದ ಮಾತ್ರ ಬದಲಿಸಿ: "ಯಾಕೆಂದರೆ ಅವರು ಗಲಾಟೆಗೆ ಕರೆ ಕೊಟ್ಟಿದ್ದರು." ಅವರು ಅಂದರೆ ಪ್ರತಿಭಟನೆ ಮಾಡುವವರು. ಲಿಂಗ, ವಚನ, ಜಾಗ ಯಾವುದೂ ಬದಲಾಗಿಲ್ಲ. ಅನುಮತಿ ಕೊಡುವವರು ಏನಕ್ಕೆ ಹೆದರುತ್ತಾರೆ, ಕೇಳುವವರು ಏನು ಮಾಡಬಹುದು ಅನ್ನುವ ತಿಳಿವಳಿಕೆ ನಮಗಿದೆ, ಅಷ್ಟೇ. ಇಂಗ್ಲಿಷಿನಲ್ಲಿ ಈ ವಾಕ್ಯ ಹೀಗೆ ಬರುವುದು ಸಹಜ. ಕನ್ನಡಿಗರಾದರೆ "ಗಲಾಟೆ ಆದೀತೆಂದು ಹೆದರಿ ಸದಸ್ಯರು ಅನುಮತಿ ಕೊಡಲಿಲ್ಲ" ಎಂದು 'ಅವರು' ಇಲ್ಲದೇ ಹೇಳಿಬಿಡುತ್ತಾರೆ. 'ಹೆದರಿ' ಮತ್ತು 'ಕೊಡಲಿಲ್ಲ' ಎರಡಕ್ಕೂ ಕರ್ತೃ ಒಬ್ಬರೇ ಆದ್ದರಿಂದ ಗೊಂದಲಕ್ಕೆ ಜಾಗವೇ ಇಲ್ಲ. ನಮ್ಮ ಬರಹಗಳಲ್ಲಿ ಎಷ್ಟೋ ತೊಡಕುಗಳು ಇಂಗ್ಲಿಷ್ ವಾಕ್ಯದ ಅಚ್ಚಿನಲ್ಲಿ ಕನ್ನಡ ಸುರಿದಾಗ ಹುಟ್ಟಿದವು ಅಂತ ನನಗೆ ಅನ್ನಿಸುವುದು ಇದಕ್ಕೇ.

ಲೋಕಜ್ಞಾನವನ್ನು ನಂಬುವುದರಲ್ಲಿ ಒಂದು ಅಪಾಯವೂ ಇದೆ. ವಿಷಯ ಗೊತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬಾವಿ, ನೀರು ಎಲ್ಲರಿಗೂ ಗೊತ್ತು. ಆದರೆ ಔಷಧಿಯ ಚೀಟಿಯಲ್ಲೋ, ವಿಮೆಯ ಪಾಲಿಸಿಯಲ್ಲೋ, ತೆರಿಗೆಯ ಸುತ್ತೋಲೆಯಲ್ಲೋ 'ಅದರ ಪ್ರಮಾಣ' ಅಂತ ಬಂದರೆ ನಮ್ಮ ತಲೆಯಲ್ಲಿ ಬಾವಿಯಂತೆ ಎದ್ದು ಕಾಣುವ ಉತ್ತರ ಇರುವುದಿಲ್ಲ. ಆಗ ಗೊತ್ತೇ ಆಗದ ಹಾಗೆ ನಾವು ಮತ್ತೆ ಹತ್ತಿರದ ಹೆಸರಿಗೆ ವಾಪಸ್ ಹೋಗುತ್ತೇವೆ. ಪರಿಚಯ ಇಲ್ಲದ ವಿಷಯ ಓದುವಾಗಲೇ ತಪ್ಪು ಜಾಸ್ತಿ, ತಪ್ಪಾಗಿದೆ ಅಂತ ಅನುಮಾನ ಬರುವುದು ಕಡಿಮೆ.

ಮುಂದಿನದು 'ಇದಕ್ಕೆ'. "ಇದಕ್ಕೆ ಅವರ ವಾರಸುದಾರರೂ ಬದ್ಧರಾಗಿರತಕ್ಕದ್ದು." 'ಇದು' ಮತ್ತು 'ಅದು' ನಡುವೆ ಮಾತಿನಲ್ಲಿ ಹತ್ತಿರ ದೂರದ ವ್ಯತ್ಯಾಸ. ಹಳಗನ್ನಡದಲ್ಲಿ ಇವೆರಡರ ನಡುವಿನದಕ್ಕೆ 'ಉದು' ಅನ್ನುವ ಮೂರನೆಯ ಪದವೂ ಇತ್ತು, ಈಗ ಮರೆಯಾಗಿದೆ. ಬರಹಕ್ಕೆ ಬಂದಾಗ ವ್ಯತ್ಯಾಸ ಸ್ವಲ್ಪ ಬೇರೆ ರೂಪ ತಾಳುತ್ತದೆ. 'ಅದು' ಸಾಮಾನ್ಯವಾಗಿ ಹಿಂದೆ ಬಂದ ಒಂದು ವಸ್ತುವನ್ನು ಹಿಡಿಯುತ್ತದೆ. 'ಇದು' ಬಹಳ ಸಲ ಈಗಷ್ಟೇ ಹೇಳಿ ಮುಗಿಸಿದ ಇಡೀ ಸಂಗತಿಯನ್ನು ಹಿಡಿಯುತ್ತದೆ. "ಮಳೆ ತಡವಾಗಿ ಬಿತ್ತನೆ ಹಿಂದೆ ಬಿತ್ತು. ಇದರಿಂದ ರಾಗಿ ಬೆಲೆ ಏರಿತು." ಏರಿಸಿದ್ದು ಮಳೆಯೂ ಅಲ್ಲ, ಬಿತ್ತನೆಯೂ ಅಲ್ಲ. ಮಳೆ ತಡವಾಗಿದ್ದು, ಬಿತ್ತನೆ ಹಿಂದೆ ಬಿದ್ದದ್ದು, ಆ ಒಟ್ಟು ಘಟನೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. 'ಇದು' ಬಂದ ಜಾಗದಲ್ಲಿ ಹಿಂದಿನ ಹೆಸರುಗಳನ್ನು ಒಂದೊಂದಾಗಿ ಇಟ್ಟು ಓದಿ. ಯಾವ ಹೆಸರೂ ಕೂರದಿದ್ದರೆ, ಹಿಂದಿನ ಕ್ರಿಯಾಪದಕ್ಕೆ 'ದ್ದು' ಸೇರಿಸಿ ಇಟ್ಟು ನೋಡಿ: 'ತಡವಾದದ್ದರಿಂದ', 'ಹಿಂದೆ ಬಿದ್ದದ್ದರಿಂದ'. ಅದು ಕೂತರೆ 'ಇದು' ಸಂಗತಿಯನ್ನು ತೋರಿಸುತ್ತಿದೆ ಅಂತ ಅರ್ಥ.

ಸಂಗತಿ ಅಂತ ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಷ್ಟು ಹಿಂದಿನ ಸಂಗತಿ? ನಮ್ಮ ಪತ್ರದಲ್ಲಿ 'ಇದಕ್ಕೆ' ಅಂದರೆ ನೀರು ಹಂಚಿಕೊಳ್ಳುವುದಕ್ಕೆ ಮಾತ್ರವೋ, ಸಾಲ ತೀರಿಸುವುದಕ್ಕೂ ಸೇರಿಯೋ, ಇಡೀ ಪಾಲಿಗೋ? ಮೂರು ರೀತಿಯಲ್ಲೂ ಓದಬಹುದು. ವಾರಸುದಾರರ ಪಾಲಿಗೆ ಇದು ಸಣ್ಣ ವಿಷಯವಲ್ಲ. ಮೊದಲ ರೀತಿಯಲ್ಲಿ ಓದಿದರೆ ಮಕ್ಕಳು ಬಾವಿಯ ನೀರಿಗೆ ಮಾತ್ರ ಬದ್ಧರು. ಕೊನೆಯ ರೀತಿಯಲ್ಲಿ ಓದಿದರೆ ಎಲ್ಲದಕ್ಕೂ. ಕೊನೆಯಲ್ಲಿರುವ 'ಅವರ' ಮಾತ್ರ ಸಮಾಧಾನದ್ದು, 'ಇಬ್ಬರೂ' ಅಂತ ಹಿಂದಿನ ತುಣುಕಿನಲ್ಲೇ ಬಂದಿರುವುದರಿಂದ ಇಬ್ಬರದೂ ಎಂದು ಓದುವುದು ಸಹಜ.

ಲೆಕ್ಕ ಹಾಕಿದರೆ ಎಂಟರಲ್ಲಿ ಐದು ಬಗೆಹರಿದವು. 'ಸದರಿ', 'ಅವರೇ', 'ಇದಕ್ಕೆ' ಉಳಿದವು. ಇವನ್ನು ಇನ್ನಷ್ಟು ಸಲ ಓದಿದರೆ ಬಗೆಹರಿಯುತ್ತವೆ ಅಂದುಕೊಂಡರೆ ಅದು ಸುಮ್ನೆ ಶ್ರಮ. ಉತ್ತರ ಆ ವಾಕ್ಯದ ಒಳಗೆ ಇಲ್ಲವೇ ಇಲ್ಲ. ಓದುಗ ಬುದ್ಧಿವಂತನಾದ ಮಾತ್ರಕ್ಕೆ ಬರೆದವರು ಬಿಟ್ಟುಹೋದದ್ದು ಹುಟ್ಟಿಕೊಳ್ಳುವುದಿಲ್ಲ. ಎರಡು ಹೆಸರು ಇಟ್ಟು ಓದಿದಾಗ ಎರಡೂ ವ್ಯಾಕರಣಕ್ಕೂ ಸರಿ, ಅರ್ಥಕ್ಕೂ ಸರಿ ಅಂತ ಕಂಡರೆ ಓದುವುದನ್ನು ಅಲ್ಲಿಗೆ ನಿಲ್ಲಿಸಿ, ವಾಕ್ಯದ ಹೊರಗೆ ಹುಡುಕಬೇಕು.

ಪಾಲುಪತ್ರದಲ್ಲಿ ಹೊರಗೆ ಅಂದರೆ ಎಲ್ಲಿ? ಮೊದಲು ಅದೇ ಪತ್ರದ ಷೆಡ್ಯೂಲ್. ಅಲ್ಲಿ ಜಮೀನಿನ ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ ಇರುತ್ತವೆ, ಕೆಲವೊಮ್ಮೆ ಸಾಲದ ಮಾತೂ ಇರುತ್ತದೆ. ಆಮೇಲೆ ಜಮೀನಿನ ಪಹಣಿ. ಕರ್ನಾಟಕದ ಪಹಣಿಯಲ್ಲಿ 11ನೇ ಕಾಲಂ ಇರುವುದೇ ಇತರೆ ಹಕ್ಕು ಮತ್ತು ಋಣಗಳಿಗೆ. ಸಂಘದ ಸಾಲ ಅಲ್ಲಿ ಕಂಡರೆ 'ಸದರಿ ಸ್ವತ್ತು' ಜಮೀನೇ ಇರಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಅದರ ಜೊತೆಗೆ 'ತಾವೇ' ಬಿಟ್ಟು 'ಅವರೇ' ಬರೆದ ಸುಳಿವೂ ಸೇರಿದರೆ ಶಿವಣ್ಣನವರು ಅನ್ನುವ ಕಡೆ ತಕ್ಕಡಿ ಚೆನ್ನಾಗಿಯೇ ವಾಲುತ್ತದೆ. ಪಹಣಿಯಲ್ಲಿ ಏನೂ ಕಾಣದಿದ್ದರೆ ಸಾಲದ ಕಾಗದವನ್ನೇ ನೋಡಬೇಕು, ಅದರಲ್ಲಿ ಪಡೆದವರ ಹೆಸರೂ ಅಡವಿಟ್ಟ ಸ್ವತ್ತೂ ಇರುತ್ತದೆ. ಆದರೆ ತೀರಿಸಬೇಕಾದವರು ಶಿವಣ್ಣನವರು ಅನ್ನುವುದು ನಾವು ಕಟ್ಟಿಕೊಂಡ ಊಹೆ, ಪತ್ರ ಹೇಳಿದ ಮಾತಲ್ಲ ಅನ್ನುವುದು ನೆನಪಿರಲಿ. ಎದುರು ಪಾರ್ಟಿಯ ವಕೀಲರು ಇನ್ನೊಂದು ದಿಕ್ಕಿಗೆ ಅಷ್ಟೇ ಚೆನ್ನಾಗಿ ವಾದಿಸಬಲ್ಲರು.

ಅದೇ ವಾಕ್ಯವನ್ನು ಗೊಂದಲವಿಲ್ಲದೆ ಬರೆಯುವುದು ಎಷ್ಟು ಕಷ್ಟ? ಸಾಲ ಜಮೀನಿನ ಮೇಲೆ ಇದೆ, ಪಡೆದವರು ರಾಮೇಗೌಡರು, ತೀರಿಸುವವರು ಶಿವಣ್ಣನವರು ಅಂತ ಇಟ್ಟುಕೊಂಡು ನೋಡಿ.

"ಎ ಷೆಡ್ಯೂಲಿನ ಜಮೀನು ಮತ್ತು ಅದರಲ್ಲಿರುವ ಬಾವಿ ಶಿವಣ್ಣನವರಿಗೆ ಸೇರತಕ್ಕದ್ದು. ಬಿ ಷೆಡ್ಯೂಲಿನ ಮನೆ ರಾಮೇಗೌಡರಿಗೆ ಸೇರತಕ್ಕದ್ದು. ಎ ಷೆಡ್ಯೂಲಿನ ಜಮೀನಿನ ಮೇಲೆ ರಾಮೇಗೌಡರು ಸಹಕಾರ ಸಂಘದಿಂದ ಪಡೆದಿರುವ ಸಾಲವನ್ನು ಶಿವಣ್ಣನವರೇ ತೀರಿಸತಕ್ಕದ್ದು. ಬಾವಿಯ ನೀರನ್ನು ಇಬ್ಬರೂ ಸಮನಾಗಿ ಬಳಸತಕ್ಕದ್ದು. ಈ ಪತ್ರದ ಎಲ್ಲ ಷರತ್ತುಗಳಿಗೂ ಇಬ್ಬರ ವಾರಸುದಾರರೂ ಬದ್ಧರಾಗಿರತಕ್ಕದ್ದು."

ಸರ್ವನಾಮ ಒಂದೇ ಒಂದು ಉಳಿದಿದೆ: 'ಅದರಲ್ಲಿರುವ'. ಅದಕ್ಕೆ ಹೊಂದುವ ಹೆಸರೂ ಒಂದೇ ಇದೆ, ಹಾಗಾಗಿ ಇರಲಿ. 'ತಕ್ಕದ್ದು' ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಕ್ರಿಯಾಪದ ಹೇಳದ ಮಾತನ್ನು ಹೆಸರು ಹೇಳುತ್ತಿದೆ. ಶಾಲೆಯಲ್ಲಿ ಪ್ರಬಂಧ ಬರೆಸುವಾಗ ಒಂದೇ ಪದ ಮತ್ತೆ ಮತ್ತೆ ಬಂದರೆ ಮೇಷ್ಟರು ಕೆಂಪು ಗೆರೆ ಎಳೆಯುತ್ತಾರೆ. ಪ್ರಬಂಧಕ್ಕೆ ಆ ಮಾತು ಸರಿ. ಕರಾರಿನಲ್ಲಿ 'ಶಿವಣ್ಣನವರು' ಹತ್ತು ಸಲ ಬಂದರೂ ಯಾರ ಗಂಟೂ ಹೋಗುವುದಿಲ್ಲ.

ಇನ್ನು ಪತ್ರ ಬರೆಯುವವರು ನೀವಲ್ಲ, ಸಹಿ ಹಾಕುವವರು ಮಾತ್ರ ಅಂದುಕೊಳ್ಳಿ. ಕರಡು ಕೈಗೆ ಬಂದಾಗ ಒಂದು ಪೆನ್ನು ಹಿಡಿದು ಎಲ್ಲ ಅದು, ಇದು, ಅವರು, ಸದರಿ, ಮೇಲ್ಕಂಡ ಪದಗಳಿಗೆ ಸುತ್ತು ಹಾಕಿ, ಪಕ್ಕದಲ್ಲಿ ಹೆಸರು ಬರೆಯುತ್ತಾ ಹೋಗಿ. ಬೇಕು, ತಕ್ಕದ್ದು, ಬಹುದು ಅಂತ ಮುಗಿಯುವ ಕಡೆಯೆಲ್ಲ 'ಯಾರು' ಅಂತ ಬರೆದುಕೊಳ್ಳಿ. ಮನೆಯ ಇನ್ನೊಬ್ಬರಿಗೂ ಒಂದು ಪ್ರತಿ ಕೊಟ್ಟು, ನಿಮ್ಮದನ್ನು ತೋರಿಸದೆ, ಅದೇ ಕೆಲಸ ಮಾಡಿಸಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಎಲ್ಲಿ ಹೆಸರು ಬೇರೆ ಬೇರೆ ಬಂದಿದೆಯೋ ಅಲ್ಲಿ ಪತ್ರ ಬರೆದವರಿಗೆ "ಇಲ್ಲಿ ಹೆಸರೇ ಹಾಕಿ ಸರ್" ಅನ್ನಿ. ಕರಡಿನಲ್ಲಿ ಅದು ಎರಡು ನಿಮಿಷದ ಕೆಲಸ. ನೋಂದಣಿ ಆದಮೇಲೆ ಅದೇ ಒಂದು ಪದಕ್ಕೆ ತಿದ್ದುಪಡಿ ಪತ್ರ ಬರೆಸಿ, ಮೂಲ ಪತ್ರಕ್ಕೆ ಸಹಿ ಹಾಕಿದ ಎಲ್ಲರನ್ನೂ ಮತ್ತೆ ಉಪನೋಂದಣಿ ಕಚೇರಿಗೆ ಕರೆತರಬೇಕಾಗುತ್ತದೆ. ಅಷ್ಟರಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿರದಿದ್ದರೆ ಅದೇ ಪುಣ್ಯ.